ಕೋಡಂಗಿಗೆ ಬರೆದುಕೊಟ್ಟ ಮಾತು

ಪುರಸಭೆಯ ಗುಮಾಸ್ತ ನಮ್ಮ ತಾಲೀಮು ಕೋಣೆಗೆ ಬಂದಾಗ ನನ್ನ ಗಂಡ ಸಿಂಹಾಸನದ ಮುರಿದ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ನನ್ನ ತಮ್ಮ ಅದೇ ಸಿಂಹಾಸನದ ಮೇಲೆ ಕಾಲು ಮಡಚಿ ಕೂತು ಚಹಾ ಹೀರುತ್ತಿದ್ದ. ನಮ್ಮ ಮೇಳದಲ್ಲಿ ಗಂಡ ರಾಜ, ತಮ್ಮ ಕೋಡಂಗಿ, ನಾನು ಹಾಡುವವಳು. ಮೇಳದ ಹೆಸರಿನಲ್ಲಿ ಸಹಿ ಹಾಕುವವಳೂ ನಾನೇ. ಇಪ್ಪತ್ತು ವರ್ಷದಿಂದ ಈ ಇಬ್ಬರನ್ನು ಸಂಭಾಳಿಸಿ ನನ್ನ ತಲೆಕೂದಲು ಅರ್ಧ ಉದುರಿದೆ.

ಗುಮಾಸ್ತ ಬೆರಳಚ್ಚು ಮಾಡಿದ ಒಂದು ಹಾಳೆ ಮುಂದಿಟ್ಟ. "ಹೊಸ ಸಭಾಭವನದ ಉದ್ಘಾಟನೆಗೆ ನಿಮ್ಮ ಆಟ. ಅಧ್ಯಕ್ಷರಿಗೆ ಒಂದಾಸೆ. ಕೋಡಂಗಿ ಅವರನ್ನ ಚೆನ್ನಾಗಿ ಲೇವಡಿ ಮಾಡ್ಬೇಕು. ಅವರು ನಗಬೇಕು, ಜನ ನೋಡ್ಬೇಕು. ಲೇವಡಿ ನಾವೇ ಬರೆದು ತಂದಿದ್ದೀವಿ."

ತಮ್ಮ ಗಟ್ಟಿಯಾಗಿ ಓದಿದ. "ನಮ್ಮ ದೊರೆಗೆ ಬಿಸಿಲು, ಮಳೆ ಒಂದೂ ಗೊತ್ತಾಗುವುದಿಲ್ಲ, ಅಷ್ಟು ದುಡಿಮೆ. ನಮ್ಮ ದೊರೆ ಒಂದು ಸಲ ಕೈಗೆತ್ತಿಕೊಂಡರೆ ಬಿಡುವವರೇ ಅಲ್ಲ." ಅವನ ಮುಖ ಹುಳಿ ಕಚ್ಚಿದ ಹಾಗಾಯಿತು. "ಸ್ವಾಮಿ, ಇದು ಲೇವಡಿ ಅಲ್ಲ, ಸನ್ಮಾನಪತ್ರ."

"ಈ ಹಾಳೆ ಬಿಟ್ಟು ಕೋಡಂಗಿ ಒಂದು ಮಾತೂ ಹೆಚ್ಚಿಗೆ ಆಡಕೂಡದು. ಇಲ್ಲಿ ಸಹಿ ಹಾಕಿ ತಾಯಿ." ಹಾಳೆಯ ಕೆಳಗೆ ಪುರಸಭೆಯ ಮುದ್ರೆ ಆಗಲೇ ಬಿದ್ದಿತ್ತು.

ಕೋಡಂಗಿಯ ಕಸುಬು ಗೊತ್ತಿಲ್ಲದವನಿಗೆ ಹೇಗೆ ತಿಳಿಸಿ ಹೇಳುವುದು? ರಾಜನ ಮಾತು ಪದ್ಯದಲ್ಲಿ, ಗ್ರಂಥದ ಭಾಷೆಯಲ್ಲಿ ಇರುತ್ತದೆ. ಅದರ ಅಕ್ಷರ ಅಲುಗಬಾರದು. ಕೋಡಂಗಿಗೆ ಮಾತ್ರ ಬರೆದ ಮಾತೇ ಇಲ್ಲ. ಆಟ ಎಲ್ಲಿಯೋ ಅಲ್ಲಿಗೆ ಬೆಳಗ್ಗೆಯೇ ಹೋಗಿ ಕ್ಷೌರದಂಗಡಿ, ಚಹಾದಂಗಡಿ, ಮಾರುಕಟ್ಟೆ ಸುತ್ತುತ್ತಾನೆ. ಯಾರಿಗೆ ಎಲ್ಲಿ ನೋಯುತ್ತಿದೆ ಎಂದು ಕೇಳಿಕೊಂಡು ಬರುತ್ತಾನೆ. ರಂಗಕ್ಕೆ ಬಂದವನು ಮೊದಲು ತನ್ನನ್ನೇ ಆಡಿಕೊಳ್ಳುತ್ತಾನೆ: ತನ್ನ ಹೊಟ್ಟೆ, ತನ್ನ ಹೆಂಡತಿಯ ಕೈಯ ಪೊರಕೆ. ತನ್ನನ್ನೇ ಬಿಡದವನು ಬೇರೆಯವರನ್ನು ಬಿಟ್ಟಾನೆಯೇ ಎಂದು ಜನ ಒಪ್ಪಿಕೊಳ್ಳುವುದು ಆಮೇಲೆ. ಬದುಕಿರುವವರ ಹೆಸರು ಮಾತ್ರ ಎತ್ತುವುದಿಲ್ಲ. ಬೈಗುಳವೆಲ್ಲ ಆಟದ ರಾಜನಿಗೆ. ಮುಂದಿನ ಸಾಲಿನಲ್ಲಿ ಕೂತ ದೊಡ್ಡವರು ಸಿಟ್ಟಾದರೆ, ಅದು ತಾನೇ ಎಂದು ಒಪ್ಪಿಕೊಂಡ ಹಾಗೆ. ಆದ್ದರಿಂದ ನಗಲೇಬೇಕು. ಅವನಿಗೆ ಶಿಕ್ಷೆ ಆಗುವುದಿಲ್ಲವೆಂದಲ್ಲ. ಶಿಕ್ಷೆಯೂ ಆಟದೊಳಗೇ ಆಗಿಹೋಗುತ್ತದೆ. ರಾಜ ಗುಡುಗುತ್ತಾನೆ, ಚಾಟಿ ಎತ್ತುತ್ತಾನೆ, ಕೋಡಂಗಿ ಮಾತನ್ನು ತಿರುಚಿ ನನ್ನ ಬೆನ್ನ ಹಿಂದೆ ಅಡಗುತ್ತಾನೆ. ನೋಡುವವರಿಗೆ ಅಷ್ಟಕ್ಕೇ ಸಮಾಧಾನ.

ಇದನ್ನೆಲ್ಲ ಹೇಳಿದೆ. ಗುಮಾಸ್ತ ಗಡಿಯಾರ ನೋಡಿಕೊಂಡ. ನಾನು ಸಹಿ ಹಾಕಿದೆ.

"ಅಕ್ಕಾ, ನನ್ನ ನಾಲಗೆ ಬರೆದುಕೊಟ್ಟುಬಿಟ್ಯಲ್ಲೇ!" ತಮ್ಮ ಎರಡು ದಿನ ಮಾತು ಬಿಟ್ಟ. ಅದೊಂದೇ ಲಾಭ ಎಂದುಕೊಂಡೆ.

ಆಟದ ದಿನ ಬೆಳಗ್ಗೆ ಅಭ್ಯಾಸಬಲದಿಂದ ಮಾರುಕಟ್ಟೆ ಸುತ್ತಿ ಬಂದವನು ಮತ್ತೆ ಮಾತು ಶುರುಮಾಡಿದ. ಸೊಪ್ಪು ಮಾರುವ ಹೆಂಗಸರ ಕಟ್ಟೆಯ ಮೇಲಿದ್ದ ಹನ್ನೆರಡು ತಗಡುಗಳನ್ನು ಬಿಚ್ಚಿ, ಸಭಾಭವನದ ಹಿಂದೆ ಅಧ್ಯಕ್ಷರ ಕಾರಿಗೆ ನೆರಳು ಮಾಡಿದ್ದಾರಂತೆ. ಹೆಂಗಸರು ಎರಡು ತಿಂಗಳಿಂದ ಒದ್ದೆ ಗೋಣಿಚೀಲ ಹೊದ್ದು ಬಿಸಿಲಲ್ಲಿ ಕೂರುತ್ತಿದ್ದಾರಂತೆ.

"ಬಾಯಿ ಮುಚ್ಕೊಂಡಿರು. ಸಹಿ ನನ್ನದು" ಎಂದೆ.

"ನಾನೇನಂದೆ? ಹಾಳೆಯಲ್ಲಿರೋದೇ ಓದ್ತೀನಿ. ಅಳೋರು ಅಳಲಿ" ಎಂದು ಬಣ್ಣ ಹಚ್ಚಲು ಕೂತ.

ಮಧ್ಯಾಹ್ನ ನಾಲ್ಕಕ್ಕೆ ಆಟ. ಮುಂದಿನ ಸಾಲಿನ ನಡುವೆ ಅಧ್ಯಕ್ಷರು, ಮುಖದಲ್ಲಿ ಮುಂಚಿತವಾಗಿಯೇ ಅರ್ಧ ನಗು. ನನ್ನ ತಮ್ಮ ತೇಪೆಯ ಅಂಗಿ, ಕೋಡಿನ ಟೊಪ್ಪಿಗೆ ಹಾಕಿ ಬಂದು ಹಾಳೆ ಬಿಡಿಸಿ ಒಂದು ಸಾಲು ಓದಿದ. ಸದ್ದಿಲ್ಲ. ಎರಡನೆಯದನ್ನು ಓದಿದ. ಹಿಂದೆ ಯಾರೋ ಆಕಳಿಸಿದರು. ಬಾಗಿಲ ಬಳಿ ನಿಂತಿದ್ದ ಸೊಪ್ಪಿನ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಮೇಳ ಕಟ್ಟಿ, ಕೊನೆಗೆ ಆಕಳಿಕೆ! ನನಗೆ ಮೈಯೆಲ್ಲ ಉರಿದುಹೋಯಿತು.

ಕೋಡಂಗಿಯನ್ನು ಪ್ರಶ್ನೆ ಕೇಳಿ ಮಾತಿಗೆ ಎಳೆಯುವುದು ಹಾಡುವವಳ ಕೆಲಸ. ಹಾಳೆಯಲ್ಲಿ ಅವನ ಮಾತಿಗೆ ಕಟ್ಟುಪಾಡಿತ್ತು, ನನ್ನ ಪ್ರಶ್ನೆಗೆ ಇರಲಿಲ್ಲ. ತಾಳ ಕೆಳಗಿಟ್ಟು ಕೇಳಿದೆ:

"ಏ ಕೋಡಂಗೀ, ನಿಮ್ಮ ದೊರೆಯ ಊರಲ್ಲಿ ಸೊಪ್ಪಿನ ಕಟ್ಟೆಗೆ ಸೂರೇ ಇಲ್ವಂತೆ. ಹೆಂಗಸರು ಬೇಯ್ತಿದ್ದಾರಂತೆ. ದೊರೆಗೆ ಗೊತ್ತಿಲ್ವೇನೋ?"

ತಮ್ಮ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹಾಳೆ ಮೂಗಿಗೆ ಹಿಡಿದು, ಬಾಲಪಾಠ ಒಪ್ಪಿಸುವಂತೆ ಓದಿದ: "ನಮ್ಮ ದೊರೆಗೆ ಬಿಸಿಲು, ಮಳೆ ಒಂದೂ ಗೊತ್ತಾಗುವುದಿಲ್ಲ!"

ಸಭೆ ಒಮ್ಮೆಲೇ ಬಿದ್ದು ನಕ್ಕಿತು.

"ಆ ತಗಡು ಎಲ್ಲಿಗೋ ಹೋಯ್ತಂತೆ. ವಾಪಸ್ ಕೊಡ್ತಾರೇನೋ?"

"ನಮ್ಮ ದೊರೆ ಒಂದು ಸಲ ಕೈಗೆತ್ತಿಕೊಂಡರೆ ಬಿಡುವವರೇ ಅಲ್ಲ!"

ಬಾಗಿಲ ಬಳಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗುಮಾಸ್ತ ಎದ್ದು ನಿಂತ. ಈಗ ರಾಜ ಗುಡುಗಬೇಕು, ಇಲ್ಲದಿದ್ದರೆ ತಮ್ಮನಿಗೆ ರಕ್ಷಣೆಯಿಲ್ಲ. ನನ್ನ ಗಂಡ ಕಕ್ಕಾಬಿಕ್ಕಿಯಾಗಿ ಕೂತಿದ್ದರು. ಬರೆದದ್ದು ಬಿಟ್ಟರೆ ಅವರಿಗೆ ತಮ್ಮ ಹೆಸರು ಹೇಳಲೂ ಬರುವುದಿಲ್ಲ. "ರೀ, ಚಾಟಿ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

ಅವರು ಚಾಟಿ ಎತ್ತಿ, ಪ್ರತಿ ಆಟದಲ್ಲೂ ಆಡುವ ಮಾತನ್ನೇ ಗುಡುಗಿದರು: "ಎಲವೋ ಮೂಢ! ನಮ್ಮ ಸಭೆಯಲ್ಲಿ ನಮ್ಮನ್ನೇ ಹೀಯಾಳಿಸುವೆಯಾ? ಇಂಥ ಮಾತನ್ನು ನಿನಗೆ ಕಲಿಸಿದವರಾರು?"

ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ತಮ್ಮ ಮೊಣಕಾಲೂರಿ ಹಾಳೆಯನ್ನು ರಾಜನ ಮುಂದೆ ಹಿಡಿದು, ಕೆಳಗಿನ ಮುದ್ರೆಯ ಮೇಲೆ ಬೆರಳಿಟ್ಟ. ನನ್ನ ಗಂಡ ಬಗ್ಗಿ ನೋಡಿದರು. ಕಿರೀಟ ಕಣ್ಣಿಗೆ ಜಾರಿತು.

"ಅಯ್ಯೋ, ಇದು ನಮ್ಮದೇ ಮುದ್ರೆ ಕಣೋ!"

ಭವನ ಹಾರಿಹೋಗುವಷ್ಟು ನಗು. ಅಧ್ಯಕ್ಷರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎಲ್ಲರಿಗಿಂತ ಕೊನೆಗೆ ತೊಡೆ ತಟ್ಟಿ ನಕ್ಕರು. ಕುತ್ತಿಗೆ ಮಾತ್ರ ಕೆಂಪಾಗಿತ್ತು.

ಆಟ ಮುಗಿಯುತ್ತಲೇ ಗುಮಾಸ್ತ ಬಣ್ಣದ ಕೋಣೆಗೆ ನುಗ್ಗಿದ. "ಸಹಿ ಹಾಕಿದ್ರಲ್ಲ ತಾಯಿ!"

"ಹಾಳೆ ಬಿಟ್ಟು ಅವನೊಂದು ಅಕ್ಷರ ಆಡಿದ್ನಾ? ತೋರಿಸಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರೇ ಒಳಬಂದರು. ನಗು ಈಗ ಇರಲಿಲ್ಲ. ನನ್ನ ತಮ್ಮ ಆಗಷ್ಟೇ ಮುಖ ತೊಳೆದು ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದ. ಅಧ್ಯಕ್ಷರು ಅವನನ್ನೇ ಕೇಳಿದರು: "ತಗಡಿನ ವಿಷಯ ನಿನಗೆ ಯಾರಪ್ಪಾ ಹೇಳಿದ್ದು?"

ತಮ್ಮನ ತುಟಿ ಅಲುಗಿತು. ಅವನ ಕಾಲನ್ನು ಬಲವಾಗಿ ತುಳಿದೆ. ಬಣ್ಣ ತೊಳೆದ ಮೇಲೆ ಆಡುವ ಮಾತು ಕೋಡಂಗಿಯದಲ್ಲ, ನನ್ನ ತಮ್ಮನದು. ಅವನಿಗೆ ಯಾವ ರಕ್ಷಣೆಯೂ ಇಲ್ಲ. ಆ ಹೆಂಗಸರಿಗೆ ಮೊದಲೇ ಇಲ್ಲ.

ಅವನು ಬಾಯಿಗೆ ಬಂದ ಮಾತು ನುಂಗಿಕೊಂಡು ಕೈಮುಗಿದ. "ಅದು ಕೋಡಂಗಿ ಹೇಳಿದ್ದು ಸ್ವಾಮಿ. ಅವನು ಈಗ ತಾನೇ ಹೋದ."

ಅಧ್ಯಕ್ಷರು ಬಕೆಟಿನ ಬಣ್ಣದ ನೀರನ್ನು ನೋಡಿದರು, ಅವನನ್ನು ನೋಡಿದರು. ಗುಮಾಸ್ತನನ್ನು ಕರೆದುಕೊಂಡು ಹೊರಟುಹೋದರು.

ಒಂದು ವಾರದಲ್ಲಿ ತಗಡು ಕಟ್ಟೆಗೆ ಬಂತು. ಹನ್ನೆರಡಲ್ಲ, ಏಳು. ಜೊತೆಗೊಂದು ದೊಡ್ಡ ಫಲಕ: ಅಧ್ಯಕ್ಷರ ಕೊಡುಗೆ. ನನ್ನ ತಮ್ಮ ಆ ಫಲಕ ನೋಡಿ ಬಂದು ಅರ್ಧ ದಿನ ನಕ್ಕ. ನನಗೆ ನಗು ಬರಲಿಲ್ಲ. ಸಂಜೆ ಸೊಪ್ಪಿನವಳೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

"ತಗಡಲ್ಲೆಲ್ಲ ಹಳೇ ಮೊಳೆಯ ತೂತು ಕಣಕ್ಕಾ. ನಿನ್ನೆ ಮಳೆಗೆ ಸೊಪ್ಪೆಲ್ಲ ನೆನೀತು. ಕೇಳೋದೇ ಕೇಳಿದ್ಮೇಲೆ ಹೊಸದೇ ಕೇಳಬಾರದಿತ್ತಾ?"

"ಒಳಗೆ ಬಾ ಮಾರಾಯ್ತಿ" ಎಂದೆ. "ಎಷ್ಟು ತೂತಿದೆ, ಎಲ್ಲೆಲ್ಲಿದೆ, ಕೂತು ಹೇಳು."