ಕಿಟಕಿಯ ಮೇಲಿನ ಬಿಳಿ ಡಬ್ಬಿ

ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನ ವಿಡಿಯೋದಲ್ಲಿ ಕಿವಿ ಕೇಳದವರಿಗೂ ಡಾಕ್ಟರಿಗೂ ನಡುವೆ ಮಾತು ದಾಟಿಸುವುದು ಆಕೆಯ ಕೆಲಸ. ಸನ್ನೆಭಾಷೆಯ ದುಭಾಷಿ. ನಾಳೆ ಹನ್ನೊಂದಕ್ಕೆ, ಆಪರೇಶನ್ನಿಗೆ ಒಪ್ಪಿಗೆ ಕೊಡಬೇಕಾದ ಕಿವಿ ಕೇಳದ ಒಬ್ಬ ಟೈಲರಮ್ಮನ ಕರೆಯಿತ್ತು. ಹತ್ತೂವರೆಯಿಂದ ಒಂದರವರೆಗೆ ಕರೆಂಟಿಲ್ಲ ಎಂಬ ಸಂದೇಶವೂ ಅದೇ ಹೊತ್ತಿಗೆ ಬರಬೇಕೆ! ಮೊಬೈಲ್ ನೆಟ್‌ವರ್ಕ್ ಆ ಮನೆಯಲ್ಲಿ ತೆವಳುತ್ತಿತ್ತು. ಚಿತ್ರ ಒಂದು ಕ್ಷಣ ನಿಂತರೂ ಸನ್ನೆಯ ಮಾತು ಹೋದಂತೆಯೇ.

ಪಕ್ಕದ ಬೀದಿಯ ರಿಪೇರಿ ಅಂಗಡಿಯವನು ರೂಟರಿನ ಬೆನ್ನ ಚೀಟಿ ಓದಿ ಚಿಕ್ಕ ಯುಪಿಎಸ್ ಕೊಟ್ಟ. "ವೋಲ್ಟ್ ಹನ್ನೆರಡಕ್ಕೆ ಹನ್ನೆರಡೇ ಇರ್ಬೇಕಕ್ಕ. ರೂಟರ್ ಕೇಳೋದು ಒಂದು ಆಂಪಿಯರ್, ಇದು ಎರಡು ಕೊಡತ್ತೆ. ಜಾಸ್ತಿ ಇದ್ರೆ ತೊಂದ್ರೆಯಿಲ್ಲ, ಕಮ್ಮಿ ಆಗ್ಬಾರ್ದು. ನಾಲ್ಕು ಗಂಟೆ ಧಾರಾಳ."

ಸಂಜೆಯೇ ಪರೀಕ್ಷೆ ನಡೆಯಿತು. ಯುಪಿಎಸ್ ಸಿಕ್ಕಿಸಿದ್ದ ಗೋಡೆಯ ಸ್ವಿಚ್ ಆರಿಸಿದಳು, ಇಂಟರ್ನೆಟ್ ಅಲುಗಲಿಲ್ಲ. ಅತ್ತೆಗೂ ತೋರಿಸಿ ಬೀಗಿದಳು.

ಮರುದಿನ ಹತ್ತೂವರೆಗೆ ಕರೆಂಟು ಹೋಯಿತು. ರೂಟರಿನ ದೀಪಗಳೇನೋ ಉರಿಯುತ್ತಿದ್ದವು, ಇಂಟರ್ನೆಟ್ಟಿನದು ಮಾತ್ರ ಕೆಂಪು.

"ಅಲ್ಲ ಕಣೇ, ಕಿಟಕಿ ಮೇಲಿನ ಆ ಬಿಳಿ ಡಬ್ಬಿ ಯಾಕೆ ಕತ್ತಲಾಗಿದೆ?" ಎಂದರು ಅತ್ತೆ.

ಅದು ಫೈಬರ್ ತಂತಿ ಬಂದು ಸೇರುವ ಡಬ್ಬಿ, ಅದಕ್ಕೆ ಬೇರೆಯೇ ಅಡಾಪ್ಟರು. ನಿನ್ನೆ ಇಡೀ ಮನೆಯ ಮೇನ್ ಆರಿಸಿದ್ದರೆ ಗೊತ್ತಾಗುತ್ತಿತ್ತು. ಜಾಣೆ ಒಂದೇ ಸ್ವಿಚ್ ಆರಿಸಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ.

ಫೋನಿನಲ್ಲಿ ಅಂಗಡಿಯವನು ಕೇಳಿದ: "ಅದರ ಬೆನ್ನಲ್ಲಿ ಏನಿದೆ, ಓದಿ."

"ಹನ್ನೆರಡು ವೋಲ್ಟ್, ಅರ್ಧ ಆಂಪಿಯರ್."

"ಎರಡೂ ಸೇರಿ ಒಂದೂವರೆ. ನಮ್ಮದು ಎರಡು, ತಡ್ಕೊಳತ್ತೆ. ಬ್ಯಾಟರಿ ಮಾತ್ರ ನಾಲ್ಕು ಗಂಟೆ ಬರಲ್ಲ, ಎರಡೂವರೆ ಅನ್ಕೊಳಿ. ಕವಲು ವೈರ್ ತರ್ತೀನಿ. ನಿನ್ನೆ ನಾನು ಕೇಳ್ಬೇಕಿತ್ತು, ತಪ್ಪು ನನ್ನದೂ ಇದೆ."

ಓಡುತ್ತಲೇ ಬಂದ. ಪ್ಲಸ್ಸು ಮೈನಸ್ಸು ತಿರುಗುಮುರುಗಾದರೆ ಡಬ್ಬಿ ಸುಟ್ಟುಹೋದೀತೆಂದು, ಪಿನ್ನುಗಳ ನಡುಭಾಗ ಪ್ಲಸ್ಸೇ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಯುಪಿಎಸ್ಸಿಗೆ ಸೇರಿಸಿದ ಕವಲಿನ ಒಂದು ವೈರು ರೂಟರಿಗೆ, ಇನ್ನೊಂದು ಡಬ್ಬಿಗೆ ಸಿಕ್ಕಿಸಿದ. ಎರಡೂ ಮತ್ತೆ ಏಳಲು ಮೂರು ನಿಮಿಷ. ಕೆಂಪು ಹಸಿರಾದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು.

ತೆರೆಯ ಮೇಲೆ ಆಸ್ಪತ್ರೆಯ ಕೋಣೆ ಮೂಡಿತು. ಟೈಲರಮ್ಮನ ಮುಂದೆ ಒಪ್ಪಿಗೆಯ ಕಾಗದ, ಕೈಯಲ್ಲಿ ಪೆನ್ನು. ದುಭಾಷಿಯನ್ನು ಕಂಡದ್ದೇ ತಡ, ಪೆನ್ನು ಕೆಳಗಿಟ್ಟು ಗಾಬರಿಯಲ್ಲಿ ಸನ್ನೆ ಮಾಡಿ ಏನೋ ಕೇಳಿದಳು.

ದುಭಾಷಿ ಅದನ್ನು ಮಾತಿಗಿಳಿಸಿದಳು. "ಡಾಕ್ಟ್ರೇ, ಅವರು ಕೇಳ್ತಿದ್ದಾರೆ: ಮಲಗಿಸಿದಾಗ ನನ್ನ ಎರಡೂ ಕೈ ಕಟ್ಟಿಬಿಡ್ತೀರಾ? ಎಚ್ಚರ ಆದಾಗ ನೋವಾದ್ರೆ ನಾನು ಹೇಗೆ ಹೇಳ್ಲಿ?"

ಡಾಕ್ಟರು ಕುರ್ಚಿ ಎಳೆದು ಟೈಲರಮ್ಮನ ಎದುರು ಕೂತರು. "ಇಷ್ಟು ವರ್ಷದಲ್ಲಿ ನಂಗಿದು ಹೊಳೆದೇ ಇಲ್ಲ. ಡ್ರಿಪ್ ಎಡಗೈಗೆ ಹಾಕ್ತೀವಿ. ಎಚ್ಚರ ಆಗೋ ಮುಂಚೆ ಎರಡೂ ಕೈ ಬಿಚ್ಚಿರ್ತೀವಿ ಅಂತ ಹೇಳಿ."

ಆಕೆ ಹೇಳಿದಳು. ಟೈಲರಮ್ಮ ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡು, ಪೆನ್ನು ಎತ್ತಿಕೊಂಡಳು.