ಯಾರು ಹಾಗೆ ಮಾತಾಡ್ತಾರೆ?

ಊಟ ಬಲ್ಲವನಿಗೆ ಮಾತಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಿಲ್ಲವೆಂದು ತಕರಾರು ತೆಗೆಯುವವರು ಸ್ವಲ್ಪ ತಾಳಬೇಕು. ಮಾತು ಬಲ್ಲವನೊಬ್ಬನಿಗೆ ತುಂಬಿದ ಡಬ್ಬಿ ಎದುರಿಗಿದ್ದೂ ತುತ್ತು ಗಂಟಲಿಳಿಯದೆ ಹೋದ ಮಧ್ಯಾಹ್ನದ ಕಥೆ ಇದು. ಕಟ್ಟುಕಥೆಯಲ್ಲ, ಡಬ್ಬಿಯಾಣೆಗೂ ನಿಜ.

ಅವನನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಸಂಜೆಯೊಳಗೆ ಅದು ಅವನ ಗಂಟಲಲ್ಲಿ ಬಾಡಿಗೆಗೆ ಬಂದಿರುತ್ತಿತ್ತು. ಕಾದಂಬರಿಗಳನ್ನು ಕೇಳುವ ನಾಟಕಗಳನ್ನಾಗಿ ಮಾಡುವ ಸಣ್ಣ ಸ್ಟುಡಿಯೋವೊಂದರಲ್ಲಿ ಅವನು ಸಂಭಾಷಣೆಕಾರ. ಪುಸ್ತಕದ ಮಾತನ್ನು ಬಾಯಿಗೆ ತರುವುದು ಅವನ ಕೆಲಸ. ಪುಟ ತೆರೆದು ಒಂದೊಂದು ವಾಕ್ಯವನ್ನೂ ಜೋರಾಗಿ ಓದುತ್ತಿದ್ದ. ನಾಲಗೆ ಎಲ್ಲಿ ಎಡವುತ್ತದೋ ಅಲ್ಲಿ ಪೆನ್ಸಿಲ್. ‘ಏಕೆ’ ಇದ್ದದ್ದು ‘ಯಾಕೆ’ ಆಗುತ್ತಿತ್ತು, ‘ಎಂದು’ ಹೋಗಿ ‘ಅಂತ’ ಬರುತ್ತಿತ್ತು, ‘ನನಗೆ ತಿಳಿದಿರುವುದಿಲ್ಲ’ ಎಂಬ ಗಂಭೀರ ಮನುಷ್ಯ ‘ನಂಗೊತ್ತಿಲ್ಲ’ ಎಂದು ಕಾಲುಚಾಚಿ ಕೂರುತ್ತಿದ್ದ. ತೀರಾ ಇಸ್ತ್ರಿ ಹಾಕಿದ ವಾಕ್ಯ ಸಿಕ್ಕರೆ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದ: ‘ಯಾರು ಹಾಗೆ ಮಾತಾಡ್ತಾರೆ?’

ಈ ಸಲ ಆ ಪ್ರಶ್ನೆ ಪುಟಪುಟಕ್ಕೂ ಬಿದ್ದಿತ್ತು. ಏಕೆಂದರೆ ಪುಸ್ತಕ ಅವನ ದೊಡ್ಡಮ್ಮನದು.

ದೊಡ್ಡಮ್ಮ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಬದುಕಿನಲ್ಲಿ ಬರೆದದ್ದು ಒಂದೇ ಕಾದಂಬರಿ. ಹೆಂಡತಿಯನ್ನು ಒಂದು ಮಾತೂ ಕೇಳದೆ ಗಂಡನೊಬ್ಬ ಅವಳು ಪಾಠ ಮಾಡುವ ಶಾಲೆಗೆ ಹೋಗಿ, ‘ಅವಳು ಇನ್ನು ಬರುವುದಿಲ್ಲ’ ಎಂದು ಹೇಳಿ ಬರುತ್ತಾನೆ. ಆಮೇಲೆ ಇಬ್ಬರೂ ಒಂದೇ ಸೂರಿನಡಿ ವರ್ಷಗಟ್ಟಲೆ ಬದುಕುತ್ತಾರೆ. ಅಷ್ಟೇ ಕಥೆ. ‘ಊಟಕ್ಕೆ ಬನ್ನಿರಿ. ಅನ್ನವು ಸಿದ್ಧವಾಗಿದೆ’ ಎನ್ನುತ್ತಾಳೆ ಹೆಂಡತಿ. ‘ಈಗ ನನಗೆ ಹಸಿವಿಲ್ಲ’ ಎನ್ನುತ್ತಾನೆ ಗಂಡ. ಕೊನೆಯ ಪುಟದಲ್ಲಿ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ನಾನು ತಪ್ಪು ಮಾಡಿದೆ. ನನ್ನನ್ನು ಕ್ಷಮಿಸು’ ಎನ್ನುತ್ತಾನೆ. ಅವಳು ತಿರುಗಿಯೂ ನೋಡದೆ, ‘ಬನ್ರೀ, ಅನ್ನ ಆರೋಗುತ್ತೆ’ ಎನ್ನುತ್ತಾಳೆ. ಪುಸ್ತಕ ಮುಗಿಯುತ್ತದೆ.

“ಕೊನೇ ಸಾಲಿಗೆ ಬರೋ ಹೊತ್ತಿಗಾದ್ರೂ ದೊಡ್ಡಮ್ಮ ದಾರಿಗೆ ಬಂದ್ರಲ್ಲ!” ಎಂದು ಗಿಣಿ ಖುಷಿಪಟ್ಟಿದ್ದ. ಹಾಲಿನವನೂ ಪಕ್ಕದ ಮನೆಯಾಕೆಯೂ ಪುಸ್ತಕದುದ್ದಕ್ಕೂ ಜನರಂತೆಯೇ ಮಾತಾಡುವುದನ್ನು ಕಂಡು, ಬರೆಯುವಾಗ ಆಗಾಗ ನಿದ್ದೆ ತೂಗಿರಬೇಕು ಅಂದುಕೊಂಡ. ಎಲ್ಲವನ್ನೂ ಒಂದೇ ಹದಕ್ಕೆ ತಂದ. ‘ಊಟಕ್ಕೆ ಬನ್ರೀ, ಅನ್ನ ಆಗಿದೆ.’ ‘ಹಸಿವಿಲ್ಲ ಕಣೇ.’ ‘ತಪ್ಪಾಯ್ತು ಬಿಡೇ.’ ನಾಲಗೆಯ ಮೇಲೆ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಇಷ್ಟಕ್ಕೆ ಬಿಟ್ಟಿದ್ದರೆ ಗಿಣಿ ಗಿಣಿಯಾಗುತ್ತಿರಲಿಲ್ಲ. ಆ ಸ್ಟುಡಿಯೋದಲ್ಲಿ ಒಂದು ಪದ್ಧತಿ: ನಟರು ಬರುವ ಮೊದಲು ಸಂಭಾಷಣೆಕಾರನೇ ಎಲ್ಲ ಪಾತ್ರಗಳನ್ನೂ ಓದಿ ಒಂದು ಮಾದರಿ ದನಿ ಮುದ್ರಿಸಬೇಕು, ಮಾತಿನ ನಡೆ ಅವರಿಗೆ ಸಿಗಲಿ ಎಂದು. ಅದನ್ನು ಮುಗಿಸಿದ ಮೇಲೆ, ಚಹಾ ಹೊತ್ತಿನ ಮೋಜಿಗೆ, ಕೊನೆಯ ದೃಶ್ಯವನ್ನು ಪುಸ್ತಕದಲ್ಲಿದ್ದಂತೆಯೇ ದೊಡ್ಡಮ್ಮನ ದನಿಯಲ್ಲಿ ಓದಿದ. ಮೂಗಿನ ಮೇಲೆ ಜಾರಿದ ಕನ್ನಡಕದ ದನಿ, ಪೂರ್ಣವಿರಾಮ ಬಂದಲ್ಲಿ ಇಡೀ ತರಗತಿಯನ್ನು ಒಮ್ಮೆ ನೋಡುವಷ್ಟು ಮೌನ, ನಡುವೆ ಒಂದು “ಹ್ಞೂಂ”. ಧ್ವನಿ ಯಂತ್ರದ ಮುಂದೆ ಕೂರುವ ಸೌಂಡಪ್ಪ, ಹೆಸರಿನಷ್ಟೂ ಸದ್ದು ಮಾಡದ ಮನುಷ್ಯ, ಕುರ್ಚಿಯಿಂದ ಜಾರುವಷ್ಟು ನಕ್ಕಿದ್ದ. ನಕ್ಕು ಅದನ್ನು ಜೋಪಾನವಾಗಿ ಉಳಿಸಿಕೊಂಡಿದ್ದ.

ಇನ್ನು ಆ ಮಧ್ಯಾಹ್ನ. ನಾಟಕ ಮರುದಿನ ಬಿಡುಗಡೆ. ಕೇಳಿ ಒಪ್ಪಿಗೆ ಕೊಡಲು ದೊಡ್ಡಮ್ಮ ಬಂದರು, ಕೈಯಲ್ಲಿ ಡಬ್ಬಿ.

“ಏನೋ ಗಿಣಿಮರಿ, ಸೊರಗಿದ್ದೀಯಲ್ಲೋ! ಮಾತು ತಿಂದು ಬದುಕ್ತೀಯಾ? ತಗೋ, ಬಿಸಿ ಇದೆ. ಆಮೇಲೆ ತಿನ್ನು.”

ಗೋಡೆಗೆಲ್ಲ ಸ್ಪಂಜಿನ ಹಲಗೆ ಬಡಿದ ಕೋಣೆ. ಒಳಗೆ ಕೆಮ್ಮಿದರೆ ಕೆಮ್ಮು ಅಲ್ಲೇ ಸಾಯುತ್ತಿತ್ತು. ದೊಡ್ಡಮ್ಮನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ನಿರ್ದೇಶಕಿ ಕೈ ಕಟ್ಟಿ ನಿಂತಳು. ಹೆಂಡತಿಯ ಪಾತ್ರ ಮಾಡಿದ ನಟಿ ಬಾಗಿಲ ಬಳಿ ಉಗುರು ಕಚ್ಚುತ್ತಿದ್ದಳು. ನಾಟಕ ಶುರುವಾಯಿತು. ಗಂಡ ಹೆಂಡತಿ ಸರಾಗವಾಗಿ ಮಾತಾಡಿದರು, ಜಗಳವಾಡಿದರು, ಉಂಡರು. ಕೊನೆಗೆ “ತಪ್ಪಾಯ್ತು ಬಿಡೇ” ಬಂತು. “ಬನ್ರೀ, ಅನ್ನ ಆರೋಗುತ್ತೆ” ಬಂತು. ಮುಗಿಯಿತು.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ನಾಟಕವು ಬಹಳ ಸೊಗಸಾಗಿ ಮೂಡಿಬಂದಿದೆ. ನಿಮ್ಮೆಲ್ಲರಿಗೂ ನನ್ನ ಅಭಿನಂದನೆಗಳು.”

ನಿರ್ದೇಶಕಿ ಅರಳಿದಳು. ನಟಿ ಉಗುರು ಬಿಟ್ಟಳು. ಗಿಣಿ ಮಾತ್ರ ತಟ್ಟನೆ ತಲೆಯೆತ್ತಿ ದೊಡ್ಡಮ್ಮನ ಮುಖ ನೋಡಿದ.

ಆ ಕನ್ನಡ ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ರಜೆಗೆ ದೊಡ್ಡಮ್ಮನ ಮನೆಗೆ ಹೋದರೆ ಇಡೀ ದಿನ “ಬಾರೋ, ಕೂರೋ, ಮೂತಿ ತೊಳ್ಕೊಳ್ಳೋ” ನಡೆಯುತ್ತಿತ್ತು. ಕಿಟಕಿಯ ಗಾಜು ಒಡೆದ ದಿನ ಅವರು ಬೈಯಲಿಲ್ಲ, ಹೊಡೆಯಲಿಲ್ಲ. “ಈ ಗಾಜನ್ನು ಒಡೆದವರು ಯಾರು?” ಎಂದರು. ಅಷ್ಟೇ. ಮನೆಯೊಳಗೆ ಪುಸ್ತಕದ ಮಾತು ಬಂತೆಂದರೆ ದೊಡ್ಡಮ್ಮ ಬಾಗಿಲು ಹಾಕಿಕೊಂಡರೆಂದೇ ಅರ್ಥ. ಹೊರಗೆ ನಿಂತವನು ಎಷ್ಟು ಬಡಿದರೂ ತೆರೆಯದು. ಮಾರನೆಯ ದಿನ “ಏಳೋ ಮಂಗ” ಎಂದು ಕೇಳಿಸಿದಾಗಲೇ ಅವನಿಗೆ ಹೋದ ಜೀವ ಬರುತ್ತಿದ್ದದ್ದು.

ಹಾಲಿನವನಿಗೆ ಬಾಯಿಮಾತು ಕೊಟ್ಟವರು ಆ ಗಂಡ ಹೆಂಡತಿಗೆ ಮಾತ್ರ ಯಾಕೆ ಕೊಡಲಿಲ್ಲ? ನಿದ್ದೆ ತೂಗಿದವನು ಗಿಣಿಯೇ. ಆ ಹೆಂಡತಿ ವರ್ಷಗಟ್ಟಲೆ ಗಂಡನೊಡನೆ ಗಾಜು ಒಡೆದ ದಿನದ ಕನ್ನಡವನ್ನೇ ಆಡಿದ್ದಳು. ಕೊನೆಯ ಸಾಲಿನಲ್ಲಿ ಬಾಗಿಲು ತೆರೆದಿದ್ದಳು. ಇವನು ಮೊದಲ ಪುಟದಲ್ಲೇ ಬಾಗಿಲನ್ನು ಕಿತ್ತು ಅಂಗಳಕ್ಕೆ ಎಸೆದಿದ್ದ. ಬಾಗಿಲೇ ಇಲ್ಲದ ಮೇಲೆ ತೆರೆಯುವುದೇನನ್ನು?

“ಹಾಗಾದ್ರೆ ಒಪ್ಪಿಗೆ ತಾನೇ ಅಮ್ಮಾ?” ಎಂದಳು ನಿರ್ದೇಶಕಿ.

“ನನ್ನ ಆಕ್ಷೇಪಣೆ ಏನೂ ಇರುವುದಿಲ್ಲ.”

ದೊಡ್ಡಮ್ಮ ಅವನ ಕಡೆ ನೋಡಲಿಲ್ಲ. ಡಬ್ಬಿಯನ್ನು ಮಾತ್ರ ಅವನತ್ತ ಸರಿಸಿದರು. ಗಿಣಿ ಮುಚ್ಚಳ ತೆಗೆದ, ಒಂದು ತುತ್ತು ಬಾಯಿಗಿಟ್ಟ. ತುತ್ತು ಅಲ್ಲೇ ಕೂತಿತು. ದೊಡ್ಡಮ್ಮ ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಬರೆದ ಒಂದೇ ಒಂದು ದೃಶ್ಯ ನಾಳೆ ಊರಿಗೆಲ್ಲ ಸುಳ್ಳಾಗಿ ಕೇಳಿಸಲಿದೆ. ಹಾಳು ಮಾಡಿದವನು ಅವರ ಕೈಯ ಅನ್ನವನ್ನೇ ಅಗಿಯುತ್ತ ಕೂತಿದ್ದಾನೆ.

ತುತ್ತನ್ನು ನೀರು ಕುಡಿದು ನೂಕಿದ. “ಮೇಡಂ, ಇದು ಸರಿ ಇಲ್ಲ. ಗಂಡ ಹೆಂಡತಿ ಮಾತು ಪುಸ್ತಕದಲ್ಲಿರೋ ಹಾಗೇ ಇರ್ಬೇಕಿತ್ತು. ಅವರಿಬ್ಬರದು ಮಾತ್ರ.”

ನಿರ್ದೇಶಕಿ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾರಾಯಾ! ‘ಯಾರು ಹಾಗೆ ಮಾತಾಡ್ತಾರೆ’ ಅಂತ ನನ್ನ ತಲೆ ತಿಂದವನು ನೀನೇ ಅಲ್ವಾ? ‘ಅನ್ನವು ಸಿದ್ಧವಾಗಿದೆ’ ಅಂದ್ರೆ ಜನ ಹೋಟೆಲ್ ಬೋರ್ಡ್ ಅಂದ್ಕೊಂಡು ನಗ್ತಾರೆ ಕಣೋ.”

“ನಗಲ್ಲ.”

“ನಿನಗೆ ಹೇಗೆ ಗೊತ್ತು? ಕೇಳಿದ್ದೀಯಾ?”

ಕೇಳಿದ್ದ. ಜಗತ್ತಿನಲ್ಲಿ ಆ ದೃಶ್ಯದ ಸರಿಯಾದ ಧ್ವನಿಮುದ್ರಣ ಒಂದೇ ಇತ್ತು. ಅದು ಸೌಂಡಪ್ಪನ ಬಳಿ ಇತ್ತು. ಗಿಣಿ ಅತ್ತ ನೋಡಿದ. ಸೌಂಡಪ್ಪನಿಗೆ ಅರ್ಥವಾಯಿತು. ಬೇಡ ಬೇಡ ಎಂದು ಮೇಜಿನ ಕೆಳಗೆ ಕೈಯಾಡಿಸಿದ. ಸುಮ್ಮನಿದ್ದರೆ ದೊಡ್ಡಮ್ಮನ ದೃಶ್ಯ ಹೋಗುತ್ತದೆ, ಕೇಳಿಸಿದರೆ ದೊಡ್ಡಮ್ಮನೇ ಕೈತಪ್ಪಿ ಹೋಗಬಹುದು.

“ಹಾಕು ಸೌಂಡಪ್ಪಾ.”

“ಯಾವ್ದು?” ಎಂದ ಸೌಂಡಪ್ಪ, ಕೊನೆಯ ಪ್ರಯತ್ನವೆಂಬಂತೆ.

“ಗೊತ್ತಲ್ಲ. ಅದನ್ನೇ ಹಾಕು.”

ಕೋಣೆಯಲ್ಲಿ ದೊಡ್ಡಮ್ಮನ ದನಿ ಎದ್ದಿತು, ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದಾಗಲೇ. ಜಾರಿದ ಕನ್ನಡಕ, ತರಗತಿ ನೋಡುವ ಮೌನ, “ಹ್ಞೂಂ”, ಒಂದೂ ತಪ್ಪಿರಲಿಲ್ಲ. ನಟಿಯ ಕೈ ಬಾಯಿಗೆ ಹೋಯಿತು. ಗಿಣಿ ನೆಲದ ಹಾಸಿನ ಹೊಲಿಗೆಯನ್ನು ನೋಡುತ್ತ ನಿಂತ. ಮಾಡುವಾಗ ಗರಿಯಷ್ಟು ಹಗುರವಿದ್ದ ಅಣಕ ಈಗ ಒಂದೊಂದು ಮಾತಿಗೂ ಒಂದೊಂದು ಮಣ ತೂಗುತ್ತಿತ್ತು.

‘ಊಟಕ್ಕೆ ಬನ್ನಿರಿ. ಅನ್ನವು ಸಿದ್ಧವಾಗಿದೆ.’ ಮೌನ. ‘ನಾನು ತಪ್ಪು ಮಾಡಿದೆ. ನನ್ನನ್ನು ಕ್ಷಮಿಸು.’ ಇನ್ನೂ ಉದ್ದದ ಮೌನ. ಅಣಕಿಸಲು ಮುಂದಿನ ಸಾಲಿನಲ್ಲಿ ಏನೂ ಇಲ್ಲದ್ದರಿಂದ ಅಂದು ಗಿಣಿ ಅದನ್ನು ತನ್ನದೇ ದನಿಯಲ್ಲಿ, ಸುಮ್ಮನೆ ಹೇಳಿ ಮುಗಿಸಿದ್ದ: ‘ಬನ್ರೀ, ಅನ್ನ ಆರೋಗುತ್ತೆ.’

ಯಾರೂ ನಗಲಿಲ್ಲ. ನಟಿಯ ಕಣ್ಣು ತುಂಬಿತ್ತು.

“ಅವಳು ಕ್ಷಮಿಸಿದ್ದು ಇಲ್ಲಿ,” ಎಂದಳು ಮೆಲ್ಲಗೆ. “ನನಗೆ ಗೊತ್ತೇ ಆಗಿರ್ಲಿಲ್ಲ. ಸುಮ್ನೆ ಊಟಕ್ಕೆ ಕರೆದಂಗೆ ಕರೆದುಬಿಟ್ಟಿದ್ದೆ.”

ನಿರ್ದೇಶಕಿ ಸೌಂಡಪ್ಪನತ್ತ ತಿರುಗಿದಳು. “ಗಂಡನ ಪಾರ್ಟ್ ಮಾಡಿದವನಿಗೆ ಫೋನ್ ಮಾಡು. ಇವತ್ತೇ ಮತ್ತೆ ರೆಕಾರ್ಡ್ ಮಾಡೋಣ. ಹಾಲಿನವನು ಇರೋ ಹಾಗೇ ಇರ್ಲಿ.”

ದೃಶ್ಯ ಉಳಿಯಿತು. ಇನ್ನು ಉಳಿದದ್ದು ದೊಡ್ಡಮ್ಮ. ಅವರು ಇನ್ನೂ ಸ್ಪೀಕರನ್ನೇ ನೋಡುತ್ತಿದ್ದರು, ಅದರೊಳಗಿಂದ ತಾವೇ ಇಳಿದು ಬರುವವರಿದ್ದಾರೆ ಎಂಬಂತೆ.

ಗಿಣಿ ಹತ್ತಿರ ಹೋದ. ಮಾತು ಹುಡುಕಿದ. ‘ಸಾರಿ’? ಅದನ್ನು ಬಸ್ಸಿನಲ್ಲಿ ಕಾಲು ತುಳಿದವನಿಗೂ ಕೊಡುತ್ತಾರೆ. ‘ತಪ್ಪಾಯ್ತು’? ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ತಪ್ಪು ತಾನಾಗಿ ಆಯಿತೇ, ಮಳೆಯಾದ ಹಾಗೆ, ಬೆಳಗಾದ ಹಾಗೆ? ಮಾಡಿದವನು ಎಲ್ಲಿ ಹೋದ? ಆ ಗಂಡನನ್ನೂ ತಾನು ಹೀಗೇ ಹಿತ್ತಿಲ ಬಾಗಿಲಿಂದ ಜಾರಿಸಿಬಿಟ್ಟಿದ್ದೆ ಎಂದು ಆಗ ಹೊಳೆಯಿತು. ಬಾಯಿಮಾತಿನಲ್ಲೇ ಹೊಟ್ಟೆ ಹೊರೆದವನಿಗೆ ಬಾಯಿಮಾತಿನಲ್ಲಿ ಇದಕ್ಕೊಂದು ಮಾತು ಸಿಗಲಿಲ್ಲ.

“ದೊಡ್ಡಮ್ಮಾ, ನಾನು ತಪ್ಪು ಮಾಡಿದೆ. ನನ್ನನ್ನು ಕ್ಷಮಿಸಿರಿ.”

ಮನಸ್ಸು ತುಂಬಿ ಹೇಳಿದ. ಆದರೆ ಹಾಳು ಗಂಟಲು! ಆ ಕನ್ನಡವನ್ನು ಅದು ಕಲಿತದ್ದೇ ಒಬ್ಬರಿಂದ. ಮೂಗು, ಮೌನ, ಕೊನೆಗೊಂದು “ಹ್ಞೂಂ”, ಎಲ್ಲ ತಾವಾಗಿ ಬಂದುಬಿಟ್ಟವು. ದೊಡ್ಡಮ್ಮನ ಮುಂದೆ ದೊಡ್ಡಮ್ಮನ ದನಿಯಲ್ಲೇ ಕ್ಷಮೆ ಕೇಳಿ, ಗಿಣಿ ಬಾಯಿ ಮುಚ್ಚಿಕೊಂಡ. ಸೌಂಡಪ್ಪ ಕಣ್ಣು ಮುಚ್ಚಿಕೊಂಡ.

ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹ್ಞೂಂ. ನಿನ್ನ ಮನವಿಯನ್ನು ಪರಿಶೀಲಿಸಲಾಗುವುದು.”

ಗಿಣಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅದನ್ನು ನೋಡುತ್ತಿದ್ದ ದೊಡ್ಡಮ್ಮನ ತುಟಿ ಅದುರಿತು. ಆಮೇಲೆ ಭುಜ. “ಯಾರೋ ಹಾಗೆ ಮಾತಾಡ್ತಾರೆ, ಮಂಗ?” ಎನ್ನುವಷ್ಟರಲ್ಲಿ ನಗು ಕಿತ್ತುಕೊಂಡು ಬಂತು. “ನಾನು ಹ್ಞೂಂ ಅನ್ನೋದೂ ಹಾಗೇ ಏನೋ? ಅಯ್ಯೋ, ಇನ್ನೊಂದ್ಸಲ ಹಾಕಪ್ಪಾ ಸೌಂಡೂ... ನನ್ನ ಸ್ಕೂಲ್ ಮಕ್ಳು ಪಾಪ, ಅಷ್ಟು ವರ್ಷ ಹೇಗಪ್ಪಾ ತಡ್ಕೊಂಡ್ರು!”

ಸೌಂಡಪ್ಪ ಮತ್ತೆ ಹಾಕಿದ. ಈ ಸಲ ಎಲ್ಲರೂ ನಕ್ಕರು. ಗಿಣಿಯೊಬ್ಬ ನಗಲಾರದೆ, ಅಳಲೂ ಆರದೆ ನಿಂತಿದ್ದ.

“ಮುಖ ನೋಡು ಇವನ್ದು. ಕೂತ್ಕೊಳ್ಳೋ. ಅನ್ನ ಆರೋಗುತ್ತೆ.”

ಅವನು ಕೂತ. ತುತ್ತು ಈಗ ಇಳಿಯಿತು, ಸ್ವಲ್ಪ ಉಪ್ಪುಪ್ಪಾಗಿ. ಸದ್ದು ಹೊರಗೆ ಹೋಗದಂತೆ ಸ್ಪಂಜು ಬಡಿದ ಆ ಕೋಣೆಯನ್ನೂ ದಾಟಿ, ಎಲ್ಲರ ನಗುವಿನ ಮೇಲೆ ದೊಡ್ಡಮ್ಮನ ನಗು ಬೀದಿಗೆ ಕೇಳಿಸುತ್ತಿತ್ತು.