ಬೋರಲು ಬೋಗುಣಿಯ ತಳ

ನಮ್ಮ ಗಣಿತ ವಿಭಾಗದ ಮುಖ್ಯಸ್ಥರು ನನ್ನ ಅಕ್ಕನ ಗಂಡ. ಮನೆಯಲ್ಲಿ ಭಾವ, ಕಾಲೇಜಿನಲ್ಲಿ ಸರ್. ಉಪನ್ಯಾಸಕಿಯ ಈ ಕೆಲಸ ಅವರಿಂದಲೇ ಸಿಕ್ಕಿತು ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿಗೇನೂ ಕಡಿಮೆಯಿಲ್ಲ. ಸಿಕ್ಕಿದ್ದು ಪರೀಕ್ಷೆ ಬರೆದು. ಉಳಿಯಬೇಕಾದರೆ ಮಾತ್ರ ಅವರ ವರದಿ ಬೇಕು. ನನ್ನ ಪ್ರೊಬೇಷನ್ ಆ ವಾರವೇ ಮುಗಿಯುತ್ತಿತ್ತು.

ಮೌಲ್ಯಮಾಪನದ ಕೋಣೆಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಗೋಡೆಗೆ ಸವೆದ ಕಪ್ಪುಹಲಗೆ. ನನ್ನ ಎದುರಿಗೆ ಕೂರುತ್ತಿದ್ದ ಹಿರಿಯ ಉಪನ್ಯಾಸಕರನ್ನು ನಾವೆಲ್ಲ 'ಹೌದಪ್ಪ' ಎಂದೇ ಕರೆಯುತ್ತಿದ್ದೆವು. ಭಾವ ಏನು ಹೇಳಿದರೂ ಅವರ ಬಾಯಲ್ಲಿ ಬರುವುದು ಅದೊಂದೇ.

ಏಳನೇ ಪ್ರಶ್ನೆ ಭಾವನದ್ದೇ. z = 4 − x² − y² ಎಂಬ ಪ್ಯಾರಾಬೊಲಾಯ್ಡ್, ಅಂದರೆ ನೆಲದ ಮೇಲೆ ಬೋರಲು ಹಾಕಿದ ಬೋಗುಣಿಯ ಆಕಾರ. ಅದರ ಬಾಗಿದ ಮೈಯಿಂದ ಮಾತ್ರ ಹೊರಗೆ ಹರಿಯುವ ಫ್ಲಕ್ಸ್ ಎಷ್ಟು? ಮೇಲ್ಮೈ ಸಮಾಕಲನದಿಂದ ಕಂಡುಹಿಡಿದು, ಡೈವರ್ಜೆನ್ಸ್ ಪ್ರಮೇಯದಿಂದ ತಾಳೆ ನೋಡಿ. ಕ್ಷೇತ್ರ (x, y, z + 1). ಭಾವ ಕೊಟ್ಟ ಮಾದರಿ ಉತ್ತರ 24π.

ನನ್ನ ಪಾಲಿನ ಕಟ್ಟಿನಲ್ಲಿ ಚೆನ್ನಾಗಿ ಓದುವ ಮಕ್ಕಳೆಲ್ಲ 28π ಬರೆದಿದ್ದರು. ನಾನೂ ಮಾಡಿ ನೋಡಿದೆ. 28π ಬಂತು. ಹೌದಪ್ಪನವರು ಅಷ್ಟರಲ್ಲಿ ಅಂಥ ಉತ್ತರಗಳಿಗೆಲ್ಲ ಕೆಂಪು ಸೊನ್ನೆ ಸುತ್ತುತ್ತ ಆರಾಮಾಗಿದ್ದರು. ನನ್ನ ಮೈ ಉರಿದುಹೋಯಿತು.

"ಸರ್, ಏಳನೇದರ ಉತ್ತರ ತಪ್ಪಿದೆ" ಅಂದೆ.

ಭಾವ ಕನ್ನಡಕದ ಮೇಲಿನಿಂದ ನೋಡಿದರು. "ಡೈವರ್ಜೆನ್ಸ್ ಎಷ್ಟು ಮೇಡಂ?"

"ಮೂರು."

"ಬೋಗುಣಿಯ ಒಳಗಿನ ಘನಫಲ?"

"ಎಂಟು ಪೈ."

"ಪ್ರಮೇಯದ ಪ್ರಕಾರ ಎರಡನ್ನೂ ಗುಣಿಸಿ. ಮೂರೆಂಟ್ಲೆ? ಮಗ್ಗಿ ಬರುತ್ತಲ್ಲ?"

"ಹೌದು ಹೌದು" ಎಂದು ಹೌದಪ್ಪನವರು ಹಲ್ಲು ಕಿರಿದರು.

ನನಗೆ ಆಗ ಎಲ್ಲ ಹೊಳೆಯಿತು. ಹೋದ ಸಲದ ಪರೀಕ್ಷೆಯಲ್ಲಿ ಕೇಳಿದ್ದೂ ಇದೇ ಲೆಕ್ಕ, ಕ್ಷೇತ್ರ (x, y, z). ಮಕ್ಕಳು ಹಳೆಯದನ್ನು ಉರುಹೊಡೆದು ಬರಬಾರದೆಂದು ಭಾವ ಈ ಸಲ z ಜೊತೆ 1 ಕೂಡಿಸಿದ್ದರು. ಸ್ಥಿರಾಂಕ ಕೂಡಿಸಿದರೆ ಡೈವರ್ಜೆನ್ಸ್ ಬದಲಾಗುವುದಿಲ್ಲ. ಅದು ಮೂರೇ ಇದ್ದದ್ದು ನೋಡಿ ಹಳೆಯ ಉತ್ತರವನ್ನೇ ಇಟ್ಟುಬಿಟ್ಟಿದ್ದರು.

"ಮೇಲ್ಮೈ ಸಮಾಕಲನ ನೀವೇ ಹಲಗೆ ಮೇಲೆ ಮಾಡಿ ಸರ್."

"ನಂಗೆ ಪಾಠ ಹೇಳ್ತೀಯಾ?"

"ಮಾಡಿ ತೋರ್ಸಿ ಅಂದೆ. ಅಷ್ಟೇ."

ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಅವರ ಕೈ ಚುರುಕು, ಅದನ್ನು ಇಲ್ಲವೆನ್ನಲಾರೆ. ಹೊರಮುಖ ಲಂಬ (2x, 2y, 1). ಕ್ಷೇತ್ರದೊಡನೆ ಗುಣಿಸಿ, x² + y² ಅನ್ನು r² ಎಂದು ಬರೆದರೆ 2r² + z + 1. z ಜಾಗದಲ್ಲಿ 4 − r² ಹಾಕಿದರೆ r² + 5. ತ್ರಿಜ್ಯ ಎರಡರ ವೃತ್ತದ ಮೇಲೆ ಸಮಾಕಲಿಸಿದರು. 28π. ಸೀಮೆಸುಣ್ಣ ಅಲ್ಲೇ ನಿಂತಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

"ಎಲ್ಲೋ ಕೈತಪ್ಪಾಗಿದೆ" ಅಂದರು.

"ಎಲ್ಲೂ ಆಗಿಲ್ಲ. ತಳ ಬಿಟ್ಟಿದ್ದೀರಿ. ಪ್ರಮೇಯ ಮುಚ್ಚಿದ ಮೇಲ್ಮೈಗೆ ತಾನೆ? ಇಪ್ಪತ್ನಾಲ್ಕು ಪೈ ಅನ್ನೋದು ಮೈ, ತಳ ಎರಡೂ ಸೇರಿ. ತಳದಲ್ಲಿ z ಸೊನ್ನೆ, ಲಂಬ ಕೆಳಮುಖ. ಹೋದ ಸಲ ಅಲ್ಲಿ ಫ್ಲಕ್ಸೇ ಇರಲಿಲ್ಲ, ಬಿಟ್ರೂ ನಡೀತು. ಈ ಸಲ ಋಣ ಒಂದು ಇಂಟು ತಳದ ವಿಸ್ತೀರ್ಣ ನಾಲ್ಕು ಪೈ. ಇಪ್ಪತ್ನಾಲ್ಕರಿಂದ ಆ ಋಣ ನಾಲ್ಕನ್ನ ಕಳೀರಿ."

ಭಾವ ಕಳೆಯಲಿಲ್ಲ. ಹಲಗೆಯನ್ನೇ ಒರೆಸಿಬಿಟ್ಟರು.

"ಪ್ರಶ್ನೆ ರದ್ದು. ಎಲ್ರಿಗೂ ಪೂರ್ತಿ ಅಂಕ ಹಾಕಿ."

"ಪ್ರಶ್ನೆಗೇನಾಗಿದೆ? ತಪ್ಪಿರೋದು ನಿಮ್ಮ ಉತ್ತರ. ತಳ ಮರೆತೋರಿಗೂ ಪೂರ್ತಿ ಅಂಕ ಅಂದ್ರೆ, ಸರಿ ಬರೆದೋರು ಯಾಕೆ ಬರೀಬೇಕಿತ್ತು?"

"ನಿನ್ನ ವರದಿಗೆ ನಾನಿನ್ನೂ ಸಹಿ ಹಾಕಿಲ್ಲ. ನೆನಪಿರಲಿ."

ಹೌದಪ್ಪನವರು ಮೊದಲ ಬಾರಿಗೆ ಹೌದು ಅನ್ನಲಿಲ್ಲ. ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಆ ಕೆಲಸ ನನಗೆ ಬೇಕೇಬೇಕಿತ್ತು. ಆದರೂ ಮಾದರಿ ಉತ್ತರದ ಹಾಳೆಯನ್ನು ಅವರ ಮುಂದೆ ತಳ್ಳಿದೆ.

"ಇಪ್ಪತ್ತೆಂಟು ಅಂತ ತಿದ್ದಿ. ಇಲ್ಲಾಂದ್ರೆ ಒಂದು ಅಂಕಪಟ್ಟಿಗೂ ನಾನು ಸಹಿ ಹಾಕಲ್ಲ. ಯಾಕೆ ಅಂತ ಪರೀಕ್ಷಾ ವಿಭಾಗದೋರು ಕೇಳ್ತಾರೆ. ಹೇಳ್ತೀನಿ."

ತಿದ್ದಿದರು. ಹಾಳೆ ಹರಿಯುವ ಹಾಗೆ ಒತ್ತಿ ತಿದ್ದಿದರು. ಹೌದಪ್ಪನವರು ತಾವು ಸುತ್ತಿದ ಸೊನ್ನೆಗಳನ್ನು ಒಂದೊಂದಾಗಿ ಹೊಡೆದುಹಾಕತೊಡಗಿದರು.

ಭಾವ ಮೇಜಿನ ಖಾನೆಯಿಂದ ನನ್ನ ವರದಿಯನ್ನು ತೆಗೆದು, ನನ್ನೆದುರೇ ತುಂಬಿ, ಓದೆಂದು ನನ್ನ ಕಡೆ ತಿರುಗಿಸಿದರು. ವಿಷಯಜ್ಞಾನ: ಉತ್ತಮ. ನಡವಳಿಕೆ: ತೃಪ್ತಿಕರವಲ್ಲ. ಮುಂದುವರಿಸಲು ಶಿಫಾರಸು ಮಾಡುವುದಿಲ್ಲ.

ಕಣ್ಣು ಮಂಜಾಯಿತು. ಅವರೆದುರು ಅಳುವುದುಂಟೆ? ಕೆಂಪು ಪೆನ್ನು ತೆಗೆದುಕೊಂಡು ಮುಂದಿನ ಉತ್ತರಪತ್ರಿಕೆ ಬಿಚ್ಚಿದೆ.

"ಮನೇಲಿ ನಿಮ್ಮಕ್ಕನಿಗೆ ನೀನೇ ಹೇಳು" ಅಂದರು ಭಾವ.

"ನೀವೇ ಹೇಳಿ" ಅಂದೆ. "ತಳ ಸೇರಿಸಿ ಹೇಳಿ."